ಜನರಿಗಿಂತ ರೋಲ್‌ಗಳೇ ಜಾಸ್ತಿ ಆಗಿವೆ, ಎಲ್ಲಿಂದ ಶುರು ಮಾಡೋದು?

ಓದುಗರ ಪ್ರಶ್ನೆ: ಕೊಡಗಿನ ಒಂದು ಕಾಫಿ ಕಂಪನಿಯ ಐಟಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಜಿಲ್ಲೆಯಲ್ಲಿ ನಮ್ಮ 14 ತೋಟಗಳಿವೆ. ಕುಶಾಲನಗರದ ಹತ್ತಿರ ಕ್ಯೂರಿಂಗ್ ವರ್ಕ್ಸ್, ಮಡಿಕೇರಿಯಲ್ಲಿ ಆಫೀಸು. ಸಾಫ್ಟ್‌ವೇರ್‌ಗೆ ಲಾಗಿನ್ ಇರುವವರು 380 ಜನ, ಆದರೆ ಯಾರು ಏನು ಮಾಡಬಹುದು ಅಂತ ತೀರ್ಮಾನಿಸುವ ರೋಲ್‌ಗಳು 412. ಯಾವ ರೋಲ್ ಯಾಕಿದೆ ಅಂತ ಹೇಳುವವರೇ ಇಲ್ಲ. ಆಡಿಟರ್ ಕಡಿಮೆ ಮಾಡಿ ಅಂತಿದ್ದಾರೆ. ಪಟ್ಟಿ ಕಳಿಸಿದ್ದೇನೆ. ಹೇಗೆ ಮಾಡುವುದು?

ಉತ್ತರ: ನಿಮ್ಮ ಪಟ್ಟಿಯಲ್ಲಿ ಮೊದಲು ನೋಡಬೇಕಾದದ್ದು ರೋಲ್‌ಗಳ ಹೆಸರು. `WRITER_EST07`, `WRITER_EST07_SEASON`, `STORE_EST07`, `STORE_EST08`... ಒಂದೊಂದು ಹೆಸರಿನೊಳಗೂ ಮೂರು ಸಂಗತಿಗಳಿವೆ: ಏನು ಕೆಲಸ, ಯಾವ ತೋಟ, ಎಷ್ಟು ದಿನ. ನಿಮ್ಮಲ್ಲಿ ತೋಟದ ಕೆಲಸಗಳು ಒಂಬತ್ತು. ಅದನ್ನು 14 ತೋಟಗಳಿಂದ ಗುಣಿಸಿ, ಖಾಯಂ ಮತ್ತು ಸೀಸನ್ ಅಂತ ಮತ್ತೆ ಎರಡರಿಂದ ಗುಣಿಸಿದರೆ 252. ನಾಳೆ ಇನ್ನೊಂದು ತೋಟ ಕೊಂಡರೆ ಒಂದೇ ಸಲಕ್ಕೆ 18 ರೋಲ್ ಸೇರುತ್ತವೆ. ಯಾರೂ ತಪ್ಪು ಮಾಡದೇ ಇದ್ದರೂ ಹೀಗೆ ಆಗುತ್ತದೆ, ಯಾಕೆಂದರೆ ಈ ವಿನ್ಯಾಸದಲ್ಲಿ ಗುಣಾಕಾರವೇ ನಡೆಯುತ್ತಿದೆ.

ಉಳಿದ 160ರಲ್ಲಿ 58 ಕ್ಯೂರಿಂಗ್ ವರ್ಕ್ಸ್ ಮತ್ತು ಆಫೀಸಿನವು. 71 ಒಬ್ಬೊಬ್ಬರಿಗಾಗಿಯೇ ಮಾಡಿದವು. ಇನ್ನು 31ರಲ್ಲಿ ಯಾರೂ ಇಲ್ಲ.

ಅನುಮತಿಯನ್ನು ವ್ಯಕ್ತಿಗೆ ಕೊಡಬೇಡಿ, ಕೆಲಸಕ್ಕೆ ಕೊಡಿ, ಕೆಲಸವನ್ನು ವ್ಯಕ್ತಿಗೆ ಕೊಡಿ: ರೋಲ್ ಪದ್ಧತಿಯ ಮೂಲ ವಿಚಾರ ಇಷ್ಟೇ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿಯಲ್ಲಿದ್ದ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ ಇದನ್ನು 1992ರಲ್ಲಿ ಒಂದು ಮಾದರಿಯಾಗಿ ಬರೆದಿಟ್ಟರು. ಅದೇ ಕುನ್ 2010ರಲ್ಲಿ ಇಬ್ಬರು ಸಹೋದ್ಯೋಗಿಗಳ ಜೊತೆ ಬರೆದ ಲೇಖನದಲ್ಲಿ, ರೋಲ್ ಜೊತೆಗೆ ಸ್ಥಳ, ಸಮಯದಂಥ ಗುಣಗಳನ್ನೂ ಸೇರಿಸಿಕೊಳ್ಳಬೇಕು ಅಂತ ಹೇಳಿದರು. ನಿಮಗೆ ಬೇಕಾದ ಮದ್ದು ಅದರಲ್ಲೇ ಇದೆ. ಕೆಲಸ ರೋಲ್‌ನಲ್ಲಿರಲಿ. ತೋಟ ಮತ್ತು ದಿನಾಂಕ ರೋಲ್ ಕೊಡುವ ಸಾಲಿನಲ್ಲಿರಲಿ.

```
user    role     scope   valid_until
u1042   WRITER   EST07   -
u2210   WRITER   EST03   2026-03-31
```

ಇಲ್ಲಿ `WRITER` ಒಂದೇ ರೋಲ್. ಹದಿನಾಲ್ಕೂ ತೋಟದಲ್ಲಿ ಲೆಕ್ಕ ಬರೆಯುವ ರೈಟರ್‌ಗಳಿಗೆ ಅದೇ ಸಾಕು. ಯಾರಿಗೆ ಯಾವ ತೋಟದ ಮಾಹಿತಿ ಕಾಣಬೇಕು ಅನ್ನುವುದನ್ನು `scope` ನೋಡಿಕೊಳ್ಳುತ್ತದೆ. ಕುಯ್ಲಿನ ಕಾಲಕ್ಕೆ ಬಂದವರ ಅನುಮತಿ ಮಾರ್ಚ್ ಕೊನೆಗೆ ತಾನಾಗಿಯೇ ಹೋಗುತ್ತದೆ. ಮೂರು ತೋಟ ನೋಡಿಕೊಳ್ಳುವ ಮ್ಯಾನೇಜರ್‌ಗೆ ಮೂರು ಸಾಲು ಬರೆಯಿರಿ, ಇಲ್ಲವೇ ಆ ಮೂರು ತೋಟಗಳನ್ನು ಒಂದು ವಿಭಾಗವಾಗಿ ಗುರುತಿಸಿ ವಿಭಾಗದ ಹೆಸರು ಕೊಡಿ.

ಹೇಳುವುದು ಸುಲಭ, ಅಲ್ವಾ? ಕಷ್ಟ ಇರುವುದು ಹಳೆಯದನ್ನು ಇದಕ್ಕೆ ಇಳಿಸುವುದರಲ್ಲಿ. ಮೊದಲು, ತೋಟದ ಗುರುತು ತೆಗೆದರೆ ಯಾವ ರೋಲ್‌ಗಳು ಒಂದೇ ಆಗುತ್ತವೆ ಅಂತ ಕಂಡುಹಿಡಿಯಬೇಕು. ಹೆಸರು ನಂಬಬೇಡಿ. ಒಳಗಿನ ಅನುಮತಿಗಳನ್ನು ಹೋಲಿಸಿ. ನಿಮ್ಮಲ್ಲಿ ಅನುಮತಿಗಳ ಕೊನೆಯಲ್ಲಿ `_EST07` ಥರ ತೋಟದ ನಂಬರ್ ಇದೆ. ಪೋಸ್ಟ್‌ಗ್ರೆಸ್‌ನಲ್ಲಾದರೆ ಹೀಗೆ:

```sql
WITH base AS (
  SELECT DISTINCT role_name,
    regexp_replace(permission, '_EST[0-9]+$', '') AS perm
  FROM role_permissions
), sig AS (
  SELECT role_name,
    string_agg(perm, ',' ORDER BY perm) AS perms
  FROM base GROUP BY role_name
)
SELECT perms, string_agg(role_name, ' ') AS roles, count(*)
FROM sig GROUP BY perms HAVING count(*) > 1;
```

ಒಂದು ಎಚ್ಚರ. ಒಂದೇ ರೋಲ್ ಎರಡು ತೋಟಗಳನ್ನು ಮುಟ್ಟುತ್ತಿದ್ದರೆ ಅದನ್ನು ಮೊದಲೇ ಪಕ್ಕಕ್ಕಿಡಿ. ಮೂರನೇ ತೋಟದಲ್ಲಿ ತಿದ್ದಬಹುದು, ನಾಲ್ಕನೆಯದರಲ್ಲಿ ಬರೀ ನೋಡಬಹುದು ಅಂತ ಇದ್ದರೆ, ನಂಬರ್ ಕಿತ್ತ ಕೂಡಲೇ ಆ ವ್ಯತ್ಯಾಸ ಅಳಿಸಿಹೋಗುತ್ತದೆ. ಅವುಗಳನ್ನು ಕೈಯಲ್ಲೇ ನೋಡಬೇಕು.

ಈಗ ರೈಟರ್‌ಗಳ 28 ರೋಲ್‌ಗಳನ್ನೇ ಹತ್ತಿರದಿಂದ ನೋಡೋಣ. ಕೊಡಗಿನವರಿಗೆ ರೈಟರ್ ಕೆಲಸ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ಯಾರು ಬಂದರು ಅಂತ ಚೆಕ್‌ರೋಲ್‌ನಲ್ಲಿ ಬರೆಯುವುದು, ಕುಯ್ಲಿನ ಹೊತ್ತಿಗೆ ಸಂಜೆ ಒಬ್ಬೊಬ್ಬರು ಕುಯ್ದ ಹಣ್ಣು ತೂಗಿ ಕಿಲೋ ದಾಖಲಿಸುವುದು, ತಪ್ಪಿದ್ದರೆ ತಿದ್ದುವುದು, ಸ್ಟೋರಿನಲ್ಲಿ ಏನಿದೆ ಅಂತ ನೋಡುವುದು. ನಿಮ್ಮ 28ರಲ್ಲಿ 22 ರೋಲ್‌ಗಳಲ್ಲಿ ಇರುವುದು ಇದಷ್ಟೇ, ಅಕ್ಷರಕ್ಕೆ ಅಕ್ಷರ ಒಂದೇ. ಅವನ್ನು ಕಣ್ಣು ಮುಚ್ಚಿ ಒಂದು ಮಾಡಬಹುದು.

ಉಳಿದ ಆರರಲ್ಲೇ ಇಡೀ ಕೆಲಸದ ತಿರುಳಿದೆ. ಮೂರರಲ್ಲಿ ಒಂದು ಅನುಮತಿ ಕಡಿಮೆ: ಹೊಸದಾಗಿ ಬಂದ ಕಿಲೋ ತಿದ್ದುವ ಸ್ಕ್ರೀನ್ ಇವಕ್ಕೆ ಸಿಕ್ಕಿಲ್ಲ. ಎರಡರಲ್ಲಿ ಒಂದು ಜಾಸ್ತಿ: ಕೂಲಿ ದರ ಬದಲಾಯಿಸುವ ಅನುಮತಿ. ಮತ್ತೆ ಒಂದರಲ್ಲಿ, ಚೆಕ್‌ರೋಲ್ ಬರೆಯುವುದರ ಜೊತೆಗೆ ಕೂಲಿ ಪಾವತಿಗೆ ಒಪ್ಪಿಗೆ ಕೊಡುವ ಅನುಮತಿಯೂ ಇದೆ.

ಇಲ್ಲಿ ಅವಸರ ಮಾಡುವವರು ಸಾಮಾನ್ಯವಾಗಿ ಎಲ್ಲವನ್ನೂ ಕೂಡಿಸಿಬಿಡುತ್ತಾರೆ. ಯಾರಿಗೂ ಕೆಲಸ ನಿಲ್ಲುವುದಿಲ್ಲ, ಫೋನ್ ಬರುವುದಿಲ್ಲ, ರೋಲ್ ಸಂಖ್ಯೆಯೂ ಇಳಿಯುತ್ತದೆ. ಆದರೆ ಹಾಗೆ ಮಾಡಿದ ದಿನವೇ 28 ರೋಲ್‌ನಲ್ಲಿರುವ ಅಷ್ಟೂ ಜನಕ್ಕೆ ಕೂಲಿ ದರ ಬದಲಿಸುವ, ಪಾವತಿ ಒಪ್ಪುವ ಅಧಿಕಾರ ಬರುತ್ತದೆ. ಇಲ್ಲದ ಕಾರ್ಮಿಕರ ಹೆಸರು ಬರೆದು, ತಾನೇ ಒಪ್ಪಿ, ದುಡ್ಡು ಹೊರಡಿಸುವ ದಾರಿ ಹದಿನಾಲ್ಕೂ ತೋಟದಲ್ಲಿ ತೆರೆಯುತ್ತದೆ. 412 ರೋಲ್ ಇರುವುದಕ್ಕಿಂತ ಇದು ಕೆಟ್ಟದ್ದು. ಎಲ್ಲದರಲ್ಲೂ ಇರುವುದನ್ನು ಮಾತ್ರ ಉಳಿಸಿಕೊಂಡರೆ ಉಲ್ಟಾ ತೊಂದರೆ: 25 ರೋಲ್‌ನವರಿಗೆ ಕಿಲೋ ತಿದ್ದುವ ಸ್ಕ್ರೀನ್ ಹೋಗುತ್ತದೆ.

ಹಾಗಾಗಿ ಪ್ರತಿ ವ್ಯತ್ಯಾಸಕ್ಕೂ ತೋಟದ ಮ್ಯಾನೇಜರ್‌ರನ್ನೇ ಕೇಳಬೇಕು. ಪ್ರಶ್ನೆ ಸರಿಯಾಗಿರಲಿ. "ಈ ಅನುಮತಿ ಬೇಕಾ?" ಅಂತ ಕೇಳಿದರೆ ಎಲ್ಲರೂ ಬೇಕು ಅಂತಾರೆ. "ರೈಟರ್ ಕೂಲಿ ದರ ಬದಲಾಯಿಸಿದ್ದು ಕೊನೆಯ ಸಲ ಯಾವಾಗ, ಯಾಕೆ?" ಅಂತ ಲಾಗ್ ಮುಂದಿಟ್ಟುಕೊಂಡು ಕೇಳಿ. ಮ್ಯಾನೇಜರ್ ರಜೆಯಲ್ಲಿದ್ದಾಗ ಕೊಟ್ಟದ್ದು, ವಾಪಸ್ ತೆಗೆಯುವುದು ಮರೆತುಹೋಗಿದೆ ಅನ್ನುವಂಥ ಉತ್ತರ ಬಂದರೆ ತೆಗೆಯಿರಿ. ಮುಂದಿನ ರಜೆಗೆ ದಿನಾಂಕ ಹಾಕಿ ಕೊಟ್ಟರಾಯಿತು. ಬರೆಯುವುದು ಮತ್ತು ಒಪ್ಪುವುದು ಎರಡೂ ಒಬ್ಬರ ಕೈಯಲ್ಲಿರುವ ಆ ಒಂದು ರೋಲ್‌ಗೆ ಮಾತ್ರ ಚರ್ಚೆ ಬೇಡ, ಒಪ್ಪುವ ಅನುಮತಿಯನ್ನು ಬೇರ್ಪಡಿಸಲೇಬೇಕು.

ಹೀಗೆ ಒಂಬತ್ತೂ ಕೆಲಸ ಮುಗಿಸಿದರೆ 252 ಹೋಗಿ ಒಂಬತ್ತು ಉಳಿಯುತ್ತವೆ.

ಒಬ್ಬೊಬ್ಬರಿಗಾಗಿ ಮಾಡಿದ 71 ಹುಟ್ಟಿದ್ದು ಬೇರೆ ದಾರಿಯಲ್ಲಿ. ಹೊಸಬರು ಬಂದಾಗ "ಇವರಿಗೂ ಅವರ ಥರಾನೇ ಕೊಡಿ, ಜೊತೆಗೆ ಇದೊಂದು" ಅಂದಾಗ ಹಳೇ ರೋಲ್ ಕಾಪಿ ಮಾಡಿ ಒಂದು ಅನುಮತಿ ಸೇರಿಸಿದ್ದಾರೆ. ಪ್ರತಿಯೊಂದರಿಂದಲೂ ಮೂಲ ರೋಲ್ ಕಳೆದು ನೋಡಿ. ಉಳಿಯುವುದು ಒಂದೋ ಎರಡೋ ಅನುಮತಿ, ಅವೂ ಮತ್ತೆ ಮತ್ತೆ ಬರುತ್ತವೆ: ಕೀಟನಾಶಕದ ಸ್ಟಾಕ್ ಬಿಡುಗಡೆ, ಡೀಸೆಲ್ ಲೆಕ್ಕ, ಗಾಡಿ ಪಾಸ್. ಅಂಥವನ್ನು ಚಿಕ್ಕ ಹೆಚ್ಚುವರಿ ರೋಲ್‌ಗಳಾಗಿ ಮಾಡಿ. ನಿಮ್ಮ ಪಟ್ಟಿಯಲ್ಲಿ ಅಂಥವು 11 ಸಿಗುತ್ತವೆ. ಕ್ಯೂರಿಂಗ್ ವರ್ಕ್ಸ್ ಮತ್ತು ಆಫೀಸಿನ 58ರಲ್ಲಿ ಬಹುಪಾಲು ಹಲ್ಲಿಂಗ್, ಗ್ರೇಡಿಂಗ್ ಕೆಲಸಗಳನ್ನು ಶಿಫ್ಟ್‌ಗೊಂದರಂತೆ ಒಡೆದದ್ದು. ಶಿಫ್ಟ್ ಕೂಡ ತೋಟದ ಹಾಗೆಯೇ `scope`ಗೆ ಹೋಗಬೇಕು. ಅಲ್ಲಿ 17 ಉಳಿಯುತ್ತವೆ. ಒಟ್ಟು 37.

ಯಾರೂ ಇಲ್ಲದ 31ನ್ನು ಸುಮ್ನೆ ಅಳಿಸಬಹುದು ಅನಿಸುತ್ತದೆ. ಆದರೆ ನಮ್ಮ ಕಡೆ ಒಂದು ವಿಶೇಷ ಅಪಾಯ ಇದೆ. ಅರೇಬಿಕಾ ಕುಯ್ಲು ನವೆಂಬರ್‌ನಿಂದ, ರೋಬಸ್ಟಾ ಅದರ ಹಿಂದೆಯೇ ಮಾರ್ಚ್‌ವರೆಗೆ. ಆಗಸ್ಟ್‌ನ ಮಳೆಯಲ್ಲಿ ಕೂತು ಹಿಂದಿನ 90 ದಿನದ ಲಾಗ್ ನೋಡಿದರೆ ಕುಯ್ಲಿಗೆ ಸಂಬಂಧಿಸಿದ್ದೆಲ್ಲ ಸತ್ತ ಹಾಗೆ ಕಾಣುತ್ತದೆ. ಕನಿಷ್ಠ ಒಂದು ಪೂರ್ತಿ ವರ್ಷದ ಲಾಗ್ ನೋಡಿ. ರಾತ್ರಿ ತಾನಾಗಿ ಓಡುವ ಪ್ರೋಗ್ರಾಂಗಳು ಆ ರೋಲ್ ಹೆಸರನ್ನು ಎಲ್ಲಾದರೂ ಬಳಸುತ್ತಿವೆಯಾ ಅಂತಲೂ ಹುಡುಕಿ. ಆಮೇಲೂ ಅಳಿಸಬೇಡಿ, ನಿಷ್ಕ್ರಿಯ ಮಾಡಿ ಒಂದು ಕುಯ್ಲು ದಾಟಲು ಬಿಡಿ.

ರೋಲ್ ಮೈನಿಂಗ್ ಸಾಫ್ಟ್‌ವೇರ್ ತಂದರೆ ಇದೆಲ್ಲ ತಾನಾಗಿ ಆಗುತ್ತದಲ್ಲ ಅಂತ ಮಾರುವವರು ಹೇಳಬಹುದು. ಒಟ್ಟಿಗೆ ಬರುವ ಅನುಮತಿಗಳನ್ನು ಗುರುತಿಸಲು ಅದು ನಿಜಕ್ಕೂ ಉಪಯೋಗ. ಆದರೆ ಅದಕ್ಕೆ ಗೊತ್ತಿರುವುದು ಈಗ ಏನಿದೆ ಅನ್ನುವುದು ಮಾತ್ರ. ಮರೆತುಹೋದ ಕೂಲಿ ದರದ ಅನುಮತಿಯನ್ನೂ ಅದು ಗೌರವದಿಂದ ಹೊಸ ರೋಲ್‌ನೊಳಗೆ ಕೂರಿಸುತ್ತದೆ. ಕಸ ತೆಗೆದ ಮೇಲೆ ಓಡಿಸಿ, ಮೊದಲಲ್ಲ.

ಬದಲಾವಣೆ ಜಾರಿಗೆ ತರುವ ಮುಂಚೆ, ಪ್ರತಿ ಲಾಗಿನ್‌ಗೆ ಹಳೇ ರೋಲ್‌ಗಳಿಂದ ಸಿಗುತ್ತಿದ್ದ ಅನುಮತಿ ಮತ್ತು ಹೊಸದರಿಂದ ಸಿಗುವ ಅನುಮತಿ ಎರಡನ್ನೂ ಲೆಕ್ಕ ಹಾಕಿ. ಎರಡು ಪಟ್ಟಿ ಬರುತ್ತವೆ: ಕಳೆದುಕೊಂಡದ್ದು, ಹೊಸದಾಗಿ ಸಿಕ್ಕಿದ್ದು. ಎಲ್ಲರೂ ಮೊದಲನೆಯದನ್ನು ನೋಡುತ್ತಾರೆ, ಯಾಕೆಂದರೆ ಕಳೆದುಕೊಂಡವರು ಫೋನ್ ಮಾಡುತ್ತಾರೆ. ಹೊಸದಾಗಿ ಸಿಕ್ಕವರು ಯಾರೂ ಫೋನ್ ಮಾಡುವುದಿಲ್ಲ. ಎರಡನೇ ಪಟ್ಟಿಯ ಒಂದೊಂದು ಸಾಲಿಗೂ ಒಬ್ಬರ ಸಹಿ ಇರಲಿ. ಹಳೇದು ಹೊಸದು ಎರಡನ್ನೂ ಒಟ್ಟಿಗೆ ಕೊಟ್ಟು ನೋಡೋಣ ಅನ್ನಬೇಡಿ. ಆಗ ಎರಡರ ಅನುಮತಿಯೂ ಸೇರಿ, ಹೊಸ ರೋಲ್‌ನಲ್ಲಿ ಏನು ಬಿಟ್ಟುಹೋಗಿದೆ ಅಂತ ಗೊತ್ತೇ ಆಗುವುದಿಲ್ಲ.

ಎರಡು ಮಿತಿಗಳನ್ನು ಹೇಳಲೇಬೇಕು. ತೋಟ ಯಾವುದು ಅನ್ನುವುದು ಇನ್ನು ಎಚ್‌ಆರ್ ದಾಖಲೆಯಿಂದ ಬರುತ್ತದೆ. ಸೋಮವಾರಪೇಟೆಯಿಂದ ಪೊನ್ನಂಪೇಟೆಗೆ ವರ್ಗವಾದವರ ದಾಖಲೆ ಎರಡು ತಿಂಗಳು ತಿದ್ದದಿದ್ದರೆ, ಅವರಿಗೆ ಹಳೇ ತೋಟವೇ ಕಾಣುತ್ತಿರುತ್ತದೆ. ವರ್ಗಾವಣೆ ದಿನವೇ ದಾಖಲೆ ತಿದ್ದುವ ಪದ್ಧತಿ ಇಲ್ಲದಿದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ. ಎರಡನೆಯದು, ನಿಮ್ಮ ಸಾಫ್ಟ್‌ವೇರ್ `scope` ಅನ್ನುವುದನ್ನೇ ಒಪ್ಪದಿರಬಹುದು. ಸ್ಯಾಪ್‌ನಲ್ಲಿ ಡಿರೈವ್ಡ್ ರೋಲ್ ಅಂತ ಇದೆ: ಒಂದು ಮೂಲ ರೋಲ್, ಅದರಿಂದ ಹುಟ್ಟಿದವುಗಳಲ್ಲಿ ಕಂಪನಿ, ಪ್ಲಾಂಟ್‌ನಂಥ ಸಂಸ್ಥೆಯ ಹಂತಗಳು ಮಾತ್ರ ಬೇರೆ. ಅಲ್ಲಿ ಒಂಬತ್ತು ಕೆಲಸಕ್ಕೆ ತೋಟಕ್ಕೊಂದರಂತೆ ಎಣಿಕೆಗೆ 126 ಉಳಿದರೂ ನೀವು ಕೈಯಿಂದ ತಿದ್ದುವುದು ಒಂಬತ್ತನ್ನೇ. ಆಡಿಟರ್‌ಗೆ ಆ ಒಂಬತ್ತನ್ನು ತೋರಿಸಿ, ಉಳಿದವು ಅದರಿಂದಲೇ ಬಂದವು ಅಂತ ದಾಖಲೆ ಕೊಡಿ.

ಮತ್ತೆ ಬೆಳೆಯದಂತೆ ನೋಡಿಕೊಳ್ಳಲು ರೋಲ್ ಹೆಸರಿನಲ್ಲಿ ಜಾಗದ ಹೆಸರಾಗಲಿ ವ್ಯಕ್ತಿಯ ಹೆಸರಾಗಲಿ ಬರಬಾರದು ಅನ್ನುವ ಒಂದು ನಿಯಮ ಸಾಕಷ್ಟು ಕೆಲಸ ಮಾಡುತ್ತದೆ. ಹೊಸ ರೋಲ್ ಕೇಳಿದವರು ಅದರ ಹೊಣೆಗಾರ ಯಾರು ಅಂತಲೂ ಬರೆದುಕೊಡಬೇಕು.

ಸಮಯದ ಬಗ್ಗೆ: ಜೂನ್‌ನಲ್ಲಿ ಒಂದೇ ತೋಟದಿಂದ, ರೈಟರ್ ಮತ್ತು ಸ್ಟೋರ್ ಎರಡೇ ಕೆಲಸದಿಂದ ಶುರು ಮಾಡಿ. ಉಳಿದ ತೋಟಗಳನ್ನು ಅಕ್ಟೋಬರ್‌ನೊಳಗೆ ಮುಗಿಸಿ. ಆಗದಿದ್ದರೆ ಉಳಿದದ್ದನ್ನು ಏಪ್ರಿಲ್‌ಗೆ ಇಡಿ. ಕುಯ್ಲಿನ ನಡುವೆ ಸಂಜೆ ಹಣ್ಣು ತೂಗಲು ಜನ ಸಾಲು ನಿಂತಿರುವಾಗ ರೈಟರ್‌ಗೆ ಸ್ಕ್ರೀನ್ ತೆರೆಯದಿದ್ದರೆ, ಅವತ್ತಿನ ಕೂಲಿ ಲೆಕ್ಕವೇ ನಿಂತುಹೋಗುತ್ತದೆ.