ನೊರೆ ಎದ್ದರೆ ಹೋಗುತ್ತಿರುವುದು ಕೊಳೆಯಲ್ಲ, ಕಲ್ಲು

ನವೆಂಬರ್ 2ರ ಮೃತರ ಸ್ಮರಣೆಯ ದಿನ ಹತ್ತಿರವಾದಂತೆ ಸಮಾಧಿಗಳನ್ನು ತೊಳೆಯುವ ಕೆಲಸ ಆರಂಭವಾಗುತ್ತದೆ. ಹಳೆಯ ಸಮಾಧಿ ಕಲ್ಲುಗಳ ದುರಸ್ತಿಯನ್ನೇ ಕಸುಬಾಗಿ ಮಾಡಿಕೊಂಡಿರುವ ನನಗೆ ಆ ದಿನ ಕಳೆದ ಮರುವಾರವೇ ಫೋನುಗಳು ಬರತೊಡಗುತ್ತವೆ. ಮಾತು ಹೆಚ್ಚುಕಡಿಮೆ ಒಂದೇ: “ಕಲ್ಲು ಚೆನ್ನಾಗಿ ಬೆಳ್ಳಗಾಗಿತ್ತು, ಆದರೆ ಈಗ ಮುಟ್ಟಿದರೆ ಒರಟೊರಟಾಗಿದೆ, ಏನು ಮಾಡಬೇಕು?” ಏನು ಹಾಕಿ ತೊಳೆದಿರಿ ಎಂದು ಕೇಳಿದರೆ ಸ್ವಲ್ಪ ಹೊತ್ತು ಮೌನ, ಆಮೇಲೆ ಬಚ್ಚಲು ತೊಳೆಯುವ ಆ್ಯಸಿಡ್‌ನ ಹೆಸರು.

ಅಮೃತಶಿಲೆ ಎಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅದಕ್ಕೆ ಆಮ್ಲ ತಾಗಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗಿ ಬುರಬುರನೆ ನೊರೆ ಏಳುತ್ತದೆ. ತೊಳೆಯುವವರು ಆ ನೊರೆಯನ್ನು ಕಂಡು ಕೊಳೆ ಬಿಡುತ್ತಿದೆ ಎಂದು ಹಿಗ್ಗುತ್ತಾರೆ. ನಿಜವಾಗಿ ಅಲ್ಲಿ ಕರಗುತ್ತಿರುವುದು ಕಲ್ಲೇ. ಪಾಚಿ ಮತ್ತು ಕಪ್ಪು ಕಲೆಗಳು ಕಲ್ಲಿನ ಮೇಲ್ಪದರದೊಡನೆ ಹೋಗುವುದರಿಂದ ಕಲ್ಲು ಶುಚಿಯಾದಂತೆ ಕಾಣುತ್ತದೆ, ಅಷ್ಟೇ. ನಿಂಬೆರಸ ಮತ್ತು ವಿನಿಗರ್ ಮಾಡುವ ಕೆಲಸವೂ ಇದೇ, ಸ್ವಲ್ಪ ನಿಧಾನ. “ಅದು ನೈಸರ್ಗಿಕ ಅಲ್ವಾ ಸರ್” ಎಂದು ಕೇಳುವವರಿಗೆ ನಾನು ಪ್ರತಿವರ್ಷ ಇದನ್ನೇ ಹೇಳುತ್ತೇನೆ: ಆಮ್ಲ ಎಲ್ಲಿಂದ ಬಂದಿದೆ ಎಂದು ಕಲ್ಲು ವಿಚಾರಿಸುವುದಿಲ್ಲ. ಗ್ರಾನೈಟ್ ಹೀಗೆ ಕರಗುವುದಿಲ್ಲ ಎಂಬುದು ನಿಜ; ಆದರೂ ಅದರಲ್ಲಿರುವ ಕಬ್ಬಿಣದ ಅಂಶ ಆ್ಯಸಿಡ್‌ಗೆ ತುಕ್ಕಿನ ಬಣ್ಣಕ್ಕೆ ತಿರುಗಬಹುದು ಮತ್ತು ಬೆಸುಗೆಯ ಸಿಮೆಂಟು ಸಡಿಲಗೊಳ್ಳುತ್ತದೆ. ಬ್ಲೀಚ್ ಆಮ್ಲವಲ್ಲವೆಂದು ಸಮಾಧಾನಪಡುವಂತಿಲ್ಲ. ಅದರಲ್ಲಿನ ಲವಣ ಕಲ್ಲಿನ ಸೂಕ್ಷ್ಮ ರಂಧ್ರಗಳೊಳಗೆ ಉಳಿದು, ಒಣಗಿ ಹರಳುಗಟ್ಟುವಾಗ ಮೇಲ್ಪದರವನ್ನು ಒಳಗಿನಿಂದ ಎಬ್ಬಿಸುತ್ತದೆ.

ಒಬ್ಬ ತಾಯಿ ತಮ್ಮ ಮಾವನವರ ಸಮಾಧಿಯನ್ನು ತೋರಿಸಲು ನನ್ನನ್ನು ಕರೆದೊಯ್ದಿದ್ದರು. ಮೂರು ವರ್ಷ ಸತತವಾಗಿ ಸ್ಮರಣೆಯ ದಿನದ ಮುನ್ನಾ ಸಂಜೆ ಅವರ ಮಗ ಅದನ್ನು ಆ್ಯಸಿಡ್ ಹಾಕಿ ಉಜ್ಜಿದ್ದ. ಅಜ್ಜನ ಮೇಲಿನ ಪ್ರೀತಿಯಿಂದಲೇ. ನಾನು ಬೆರಳಿನಿಂದ ಕಲ್ಲನ್ನು ಸವರಿದೆ. ಸಕ್ಕರೆಯಂಥ ಬಿಳಿ ಹರಳುಗಳು ಬೆರಳಿಗೆ ಅಂಟಿದವು. ಕಲ್ಲಿನ ಕಣಗಳ ನಡುವಿನ ಹಿಡಿತ ಸಡಿಲವಾಗಿದೆ ಎನ್ನುವುದಕ್ಕೆ ಇದಕ್ಕಿಂತ ಸುಲಭವಾದ ಪರೀಕ್ಷೆ ಇಲ್ಲ. ಅಕ್ಷರಗಳ ಅಂಚು ದುಂಡಗಾಗಿತ್ತು, ಅವುಗಳಿಗೆ ತುಂಬಿದ್ದ ಕಪ್ಪು ಬಣ್ಣ ಉದುರಿಹೋಗಿತ್ತು, ಹುಟ್ಟಿದ ವರ್ಷದ ಕೊನೆಯ ಅಂಕಿ 3 ಇರಬಹುದು, 8 ಇರಬಹುದು. ಪಾಚಿಯಂತೂ ಪ್ರತಿವರ್ಷ ಮೊದಲಿಗಿಂತ ಬೇಗ ಮರಳುತ್ತಿತ್ತು, ಏಕೆಂದರೆ ಒರಟಾದ ಕಲ್ಲಿನಲ್ಲಿ ನೀರು ಹೆಚ್ಚು ಹೊತ್ತು ನಿಲ್ಲುತ್ತದೆ. ಅಕ್ಷರಗಳನ್ನು ಮತ್ತೆ ಕೊರೆಸೋಣವೇ ಎಂದು ಅವರು ಕೇಳಿದರು. ಪುಡಿಯಾಗುತ್ತಿರುವ ಕಲ್ಲಿಗೆ ಉಳಿ ಇಡುವುದು ಬೇಡ, ಹೆಸರನ್ನು ಬೇರೊಂದು ಸಣ್ಣ ಫಲಕದಲ್ಲಿ ಕೊರೆಸಿ ಕಾಲ ಬಳಿ ಇಡುವುದು ಕ್ಷೇಮ ಎಂದೆ. ಕರಗಿದ್ದನ್ನು ಮರಳಿ ತರುವ ವಿದ್ಯೆ ನನ್ನಲ್ಲಿಲ್ಲ.

ಬೆರಳಿಗೆ ಪುಡಿ ಹತ್ತುವ ಕಲ್ಲನ್ನು, ತಟ್ಟಿದರೆ ಟೊಳ್ಳಾಗಿ ಸದ್ದು ಮಾಡುವ ಕಲ್ಲನ್ನು ನೀವು ತೊಳೆಯಲೇಬಾರದು. ಗಟ್ಟಿಯಾಗಿದ್ದರೆ ಬರಿಯ ನೀರು ಮತ್ತು ಮೃದುವಾದ ನೈಲಾನ್ ಬ್ರಷ್ ಸಾಕು. ತಂತಿಯ ಬ್ರಷ್ ಬೇಡ. ಅದರ ಕಬ್ಬಿಣದ ಚೂರುಗಳು ಕಲ್ಲಿನಲ್ಲಿ ಸಿಕ್ಕಿ ತುಕ್ಕು ಹಿಡಿಯುತ್ತವೆ. ಮೊದಲು ಇಡೀ ಕಲ್ಲನ್ನು ಚೆನ್ನಾಗಿ ನೆನೆಸಿ, ಕೆಳಗಿನಿಂದ ಮೇಲಕ್ಕೆ ಉಜ್ಜುತ್ತಾ ಹೋಗಿ. ಮೇಲಿನಿಂದ ತೊಡಗಿದರೆ ಕೊಳೆನೀರು ಕೆಳಗಿನ, ಇನ್ನೂ ಉಜ್ಜದ ಭಾಗದ ಮೇಲೆ ಗೆರೆ ಎಳೆಯುತ್ತದೆ. ಕಲ್ಲುಹೂವು ಅಂಟಿಕೊಂಡಿದ್ದರೆ ಅರ್ಧ ಗಂಟೆ ಒದ್ದೆ ಬಟ್ಟೆ ಹೊದಿಸಿಟ್ಟು, ಮರದ ಚಕ್ಕೆಯಿಂದ ಮೆಲ್ಲಗೆ ಕೆರೆಯಿರಿ. ಸ್ವಲ್ಪ ಕಲೆ ಉಳಿಯುತ್ತದೆ, ಉಳಿಯಲಿ. ಇದನ್ನೆಲ್ಲ ಮುನ್ನಾ ಸಂಜೆಯ ಗಡಿಬಿಡಿಗೆ ಬಿಡದೆ ಒಂದೆರಡು ವಾರ ಮೊದಲೇ ಮುಗಿಸಿಕೊಂಡರೆ ಆ್ಯಸಿಡ್‌ನ ಬಾಟಲಿ ಯಾರಿಗೂ ನೆನಪಾಗುವುದಿಲ್ಲ. ಗುರುಗಳು ಸಮಾಧಿಗಳನ್ನು ಆಶೀರ್ವದಿಸುವ ದಿನಕ್ಕೆ ಹೂವು, ಮೇಣದಬತ್ತಿ ಮತ್ತು ಪ್ರಾರ್ಥನೆಯಷ್ಟೇ ಉಳಿದಿರುತ್ತದೆ.

ಹೂವು ಬಾಡಿದ ಮೇಲೆ ತೆಗೆದುಬಿಡಿ, ಕೊಳೆತ ದಳಗಳ ಕಲೆ ಬಿಳಿ ಕಲ್ಲಿನಿಂದ ಸುಲಭವಾಗಿ ಹೋಗುವುದಿಲ್ಲ. ಮೇಣ ಸುರಿದಿದ್ದರೆ ಬಿಸಿನೀರು ಹಾಕಬೇಡಿ, ಕರಗಿದ ಮೇಣ ರಂಧ್ರಗಳೊಳಗೆ ಇಳಿಯುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ಪ್ಲಾಸ್ಟಿಕ್ ಚಕ್ಕೆಯಿಂದ ಎಬ್ಬಿಸಿ.

ಆ ತಾಯಿಯ ಮನೆಯವರು ಮುಂದಿನ ವರ್ಷ ಮೇಣದಬತ್ತಿಗಳನ್ನು ಮರಳು ತುಂಬಿದ ತಟ್ಟೆಯಲ್ಲಿ ನೆಟ್ಟು ಕಲ್ಲಿನ ಪಕ್ಕದಲ್ಲಿ, ನೆಲದ ಮೇಲೆ ಇಟ್ಟಿದ್ದರು. ಜಪಸರ ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು. ಪಕ್ಕದಿಂದ ಓರೆಯಾಗಿ ಬಿದ್ದ ಬೆಳಕಿನಲ್ಲಿ ಸವೆದ ಅಕ್ಷರಗಳ ತಗ್ಗಿಗೆ ನೆರಳು ತುಂಬಿತ್ತು. ಆ ಮಗ ಮಂಡಿಯೂರಿ ಕುಳಿತು ವರ್ಷವನ್ನು ಓದಿದ: ಕೊನೆಯ ಅಂಕಿ 8.