ಕೆಂಪಾದ ಸೀರಮ್, ತಪ್ಪು ಲೇಬಲ್: ಲ್ಯಾಬ್ ಟ್ಯೂಬ್ ವಾಪಸ್ ಕಳಿಸುವುದು ಯಾಕೆ

ಕಾರವಾರದಲ್ಲಿ ವಾರ್ಡ್ ಪೋಸ್ಟಿಂಗ್ ಮಾಡುತ್ತಿರುವ ನಮ್ಮ ಬ್ಯಾಚಿನವರಿಗೆ ಈ ಟಿಪ್ಪಣಿ. ಲ್ಯಾಬಿನವರು ಗೋಡೆಗೆ ಅಂಟಿಸಿರುವ ನೋಟೀಸಿನಲ್ಲಿ ಎರಡೇ ಮಾತಿದೆ: ಹೀಮೋಲೈಸಿಸ್ ಆದ, ಅಂದರೆ ರಕ್ತದ ಕೆಂಪು ಕಣ ಒಡೆದ ಟ್ಯೂಬ್ ಬೇಡ, ಹೆಸರು ತಾಳೆಯಾಗದ ಟ್ಯೂಬ್ ಬೇಡ.

ಮೊದಲನೆಯದೇ ನನಗೆ ತಲೆಗೆ ಹತ್ತಲಿಲ್ಲ. ರಕ್ತ ಹೇಗಿದ್ದರೂ ಕೆಂಪೇ ಅಲ್ವಾ? ನಾವು ಟ್ಯೂಬ್ ಕಳಿಸುವಾಗ ಏನೂ ಗೊತ್ತಾಗುವುದಿಲ್ಲ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದ ಮೇಲೆ ಕಣಗಳು ಕೆಳಗೆ ಕೂತು, ಮೇಲೆ ತಿಳಿ ಹಳದಿ ಸೀರಮ್ ನಿಲ್ಲಬೇಕು. ಕಣಗಳು ಒಡೆದಿದ್ದರೆ ಆ ಸೀರಮ್ ಮುರುಗಲು ಪಾನಕದ ಬಣ್ಣಕ್ಕೆ ತಿರುಗಿರುತ್ತದೆ.

ಬಣ್ಣ ಹೋಗಲಿ, ಅದರ ಜೊತೆ ಪೊಟ್ಯಾಸಿಯಮ್ ಕೂಡ ಹೊರಗೆ ಬಂದಿರುತ್ತದೆ. ಕೆಂಪು ಕಣದೊಳಗೆ ಪೊಟ್ಯಾಸಿಯಮ್ ಸೀರಮ್‌ಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ. ಹಾಗಾಗಿ ಸ್ವಲ್ಪ ಕಣ ಒಡೆದರೂ ರಿಪೋರ್ಟ್ ಮೇಲೇರುತ್ತದೆ. ಸುಳ್ಳು ಹೈ ಬಂದರೆ ಡಾಕ್ಟರಿಗೆ ಸಂಶಯವಾದರೂ ಬರುತ್ತದೆ. ಸುಳ್ಳು ನಾರ್ಮಲ್ ಬಂದರೆ ಯಾರೂ ತಿರುಗಿ ನೋಡುವುದಿಲ್ಲ. ವಾಂತಿ ಭೇದಿಯಾಗಿ ಸುಸ್ತಾದ ರೋಗಿಯ ನಿಜವಾದ ಪೊಟ್ಯಾಸಿಯಮ್ ಲೀಟರಿಗೆ 2.9 ಮಿಲಿಮೋಲ್ ಅಂದುಕೊಳ್ಳಿ. ಒಡೆದ ಕಣಗಳಿಂದ 1.3 ಸೇರಿತು. ರಿಪೋರ್ಟಿನಲ್ಲಿ 4.2. ನಾರ್ಮಲ್ 3.5 ರಿಂದ 5ರ ಆಸುಪಾಸು, ಅಂದರೆ ಚೆನ್ನಾಗಿಯೇ ಇದೆ ಅನಿಸುತ್ತದೆ. ಪೊಟ್ಯಾಸಿಯಮ್ ಕೊಡಬೇಕಾದ ರೋಗಿಗೆ ಅದು ಸಿಗುವುದಿಲ್ಲ, ಹೃದಯದ ಬಡಿತ ತಪ್ಪುವ ಅಪಾಯ ಹಾಗೇ ಉಳಿಯುತ್ತದೆ. ಆ 1.3 ಕಳೆದು ಬರೆಯಿರಿ ಅನ್ನೋಣವೆಂದರೆ, ಎಷ್ಟು ಸೇರಿದೆಯೆಂದು ಖಚಿತವಾಗಿ ಹೇಳಲು ಆಗುವುದಿಲ್ಲ. ಅದಕ್ಕೇ ಹೊಸ ಸ್ಯಾಂಪಲ್ ಕೇಳುತ್ತಾರೆ.

ಕಣ ಒಡೆಯುವುದು ಹೆಚ್ಚಾಗಿ ನಮ್ಮ ಕೈಯಲ್ಲೇ. ತೀರಾ ಸಣ್ಣ ಸೂಜಿ, ಸಿರಿಂಜಿನ ಪ್ಲಂಜರ್ ಜೋರಾಗಿ ಎಳೆಯುವುದು, ಸ್ಪಿರಿಟ್ ಒಣಗುವ ಮೊದಲೇ ಚುಚ್ಚುವುದು, ಸೂಜಿ ತೆಗೆಯದೆ ರಕ್ತವನ್ನು ಒತ್ತಿ ಟ್ಯೂಬಿಗೆ ಬಿಡುವುದು, ಆಮೇಲೆ ಟ್ಯೂಬನ್ನು ಕುಲುಕುವುದು. ಕುಲುಕಬೇಡಿ, ನಿಧಾನವಾಗಿ ತಲೆಕೆಳಗು ಮಾಡಿ ಮಾಡಿ ಬೆರೆಸಿ. ಸರಿಯಾಗಿ ತೆಗೆದ ಎರಡನೇ ಸ್ಯಾಂಪಲ್ಲೂ ಕೆಂಪಾಗಿ ಬಂದರೆ ಡಾಕ್ಟರಿಗೆ ಕೂಡಲೇ ಹೇಳಬೇಕು, ಆಗ ಕಣಗಳು ರೋಗಿಯ ಮೈಯೊಳಗೇ ಒಡೆಯುತ್ತಿರಬಹುದು.

ಇನ್ನು ಲೇಬಲ್. ಟ್ಯೂಬಿನ ಮೇಲೂ ಫಾರ್ಮಿನಲ್ಲೂ ಪೂರ್ತಿ ಹೆಸರು, ಅಡ್ಮಿಟ್ ಆದಾಗ ಕೊಟ್ಟ ಐಪಿ ನಂಬರ್ ಒಂದೇ ಇರಬೇಕು. ನಮ್ಮ ಕಡೆ ಒಂದೇ ವಾರ್ಡಿನಲ್ಲಿ ಇಬ್ಬರು ಗಣಪತಿ ನಾಯ್ಕ ಸಿಗುವುದು ಹೊಸದೇನಲ್ಲ, ಹೆಸರೊಂದೇ ಸಾಲದು. ‘ನಾನೇ ಬಂದು ತಿದ್ದಿ ಕೊಡುತ್ತೇನೆ’ ಅಂದರೆ ಲ್ಯಾಬ್ ಒಪ್ಪುವುದಿಲ್ಲ, ಟ್ಯೂಬಿನಲ್ಲಿರುವ ರಕ್ತ ಯಾರದು ಎಂಬುದಕ್ಕೆ ಆಗ ಸಾಕ್ಷಿಯೇ ಇಲ್ಲ. ರಕ್ತ ಏರಿಸುವ ಮೊದಲು ಹೊಂದುತ್ತದೆಯೇ ಎಂದು ನೋಡುವ ಕ್ರಾಸ್‌ಮ್ಯಾಚ್ ಸ್ಯಾಂಪಲ್ ಅಂತೂ ಒಂದಕ್ಷರ ತಪ್ಪಿದರೂ ವಾಪಸ್, ಅದನ್ನು ನಂಬಿ ಬೇರೆ ಗುಂಪಿನ ರಕ್ತ ಏರಿಸಿದರೆ ಜೀವವೇ ಹೋಗಬಹುದು.

ಲೇಬಲ್ಲನ್ನು ಮೊದಲೇ ಬರೆದಿಟ್ಟುಕೊಳ್ಳಬೇಡಿ. ರಕ್ತ ತುಂಬಿದ ಮೇಲೆ, ಮಂಚದ ಪಕ್ಕದಲ್ಲೇ ನಿಂತು ಅಂಟಿಸಿ. ‘ನೀವು ಗಣಪತಿ ನಾಯ್ಕರಾ?’ ಅಂತ ಕೇಳಿದರೆ ಕಿವಿ ಮಂದವಾದ ಅಜ್ಜ ಸುಮ್ನೆ ಹೂಂ ಅನ್ನುತ್ತಾರೆ. ‘ಅಜ್ಜ, ನಿಮ್ಮ ಹೆಸರೇನು?’ ಅಂತ ಕೇಳಿ, ಅವರ ಬಾಯಿಂದಲೇ ಬರಲಿ, ಆಮೇಲೆ ಐಪಿ ನಂಬರನ್ನು ಕೇಸ್ ಶೀಟಿನ ಜೊತೆ ತಾಳೆ ನೋಡಿ.