ಹತ್ತು ದಿನದ ರಿಯಾಯಿತಿ ಬೆಲೆಗೆ ಸೇರುತ್ತದೆಯೋ, ಪ್ರವರ್ತನೆಗೋ?

ಓದುಗರ ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಒಂದು ವ್ಯಾಪಾರ ನಿರ್ಧಾರವನ್ನು ವಿವರಿಸಿ, ಅದು ಉತ್ಪನ್ನ, ಬೆಲೆ, ಸ್ಥಳ, ಪ್ರವರ್ತನೆ ಇವುಗಳಲ್ಲಿ ಯಾವುದಕ್ಕೆ ಸೇರುತ್ತದೆ ಎಂದು ಕೇಳಿದಾಗ ನನಗೆ ಎರಡೆರಡು ಉತ್ತರಗಳು ಸರಿಯೆನಿಸುತ್ತವೆ. ಒಂದನ್ನೇ ಆರಿಸುವುದು ಹೇಗೆ? (ವಿರಾಜಪೇಟೆಯಿಂದ)

ಉತ್ತರ: ಎರಡು ಉತ್ತರಗಳು ಸರಿಯೆನಿಸುವುದಕ್ಕೆ ಕಾರಣವಿದೆ. ಮಾರುಕಟ್ಟೆ ಮಿಶ್ರಣವನ್ನು ಹೀಗೆ ನಾಲ್ಕು ಭಾಗ ಮಾಡಿ 1960ರಲ್ಲಿ ಮುಂದಿಟ್ಟವರು ಅಮೆರಿಕದ ಪ್ರಾಧ್ಯಾಪಕ ಜೆರೋಮ್ ಮೆಕಾರ್ಥಿ. ವ್ಯಾಪಾರಿಯ ಹಿಡಿತದಲ್ಲಿರುವ ಸಂಗತಿಗಳನ್ನು ವಿಂಗಡಿಸಿ ನೋಡಲು ಮಾಡಿಕೊಂಡ ಏರ್ಪಾಡು ಇದು. ವ್ಯಾಪಾರಿಯಾದರೋ ಒಂದೇ ಮಾತಿನಲ್ಲಿ ಎರಡು ಸಂಗತಿಗಳನ್ನು ಬದಲಿಸಬಲ್ಲ. ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಈ ನಿರ್ಧಾರದಿಂದ ಬದಲಾದದ್ದು ಏನು ಎಂಬುದು. ನಿರ್ಧಾರ ಯಾಕಾಗಿ ಎಂಬ ಪ್ರಶ್ನೆಯಿಂದ ಆರಂಭಿಸಿದರೆ ಹೆಚ್ಚು ಮಾರಾಟವಾಗಲಿ ಎಂಬ ಒಂದೇ ಉತ್ತರ ಎಲ್ಲ ಕಡೆಯೂ ಬರುತ್ತದೆ. ಎಲ್ಲವನ್ನೂ ಪ್ರವರ್ತನೆ ಎಂದು ಬರೆದುಬಿಡುವ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ.

ನಮಗೆಲ್ಲ ಪರಿಚಿತವಾದ ವ್ಯಾಪಾರವೊಂದನ್ನು ತೆಗೆದುಕೊಳ್ಳೋಣ. ಮಡಿಕೇರಿಯಲ್ಲಿ ಕಾಫಿ ಬೀಜ ಹುರಿದು ಪುಡಿ ಮಾಡಿ ಮಾರುವ ಒಂದು ಸಣ್ಣ ಅಂಗಡಿ ಇದೆ, ಅರ್ಧ ಕಿಲೋ ಪೊಟ್ಟಣದ ಮೇಲೆ 400 ರೂಪಾಯಿ ಎಂಆರ್‌ಪಿ ಮುದ್ರಿಸಲಾಗಿದೆ ಎಂದಿಟ್ಟುಕೊಳ್ಳೋಣ. ಮಾಲೀಕರು ಪುಡಿಯಲ್ಲಿ ಚಿಕೋರಿಯನ್ನು ಶೇಕಡಾ 30ರಿಂದ 20ಕ್ಕೆ ಇಳಿಸಿದರೆ ಪೊಟ್ಟಣದೊಳಗಿನ ವಸ್ತುವೇ ಬದಲಾಯಿತು. ಅದು ಉತ್ಪನ್ನದ ನಿರ್ಧಾರ. ಕಾಫಿ ಮತ್ತು ಚಿಕೋರಿಯ ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕಾಗಿರುವುದರಿಂದ ಲೇಬಲ್ ಕೂಡ ಬದಲಾಗುತ್ತದೆ, ಲೇಬಲ್ ಸಹ ಉತ್ಪನ್ನದ ಭಾಗವೇ. ಅದರ ಮೇಲೆ ಅಕ್ಷರಗಳಿವೆ, ಗ್ರಾಹಕ ಓದುತ್ತಾನೆ ಎಂಬ ಕಾರಣಕ್ಕೆ ಅದನ್ನು ಜಾಹೀರಾತು ಎಂದುಕೊಳ್ಳಬಾರದು. ಅದೇ ಮಾತನ್ನು ಕುಶಾಲನಗರದ ರಸ್ತೆ ಬದಿಯ ಫಲಕದಲ್ಲಿ ಬರೆಸಿದರೆ ಆಗ ಅದು ಪ್ರವರ್ತನೆಯಾಗುತ್ತದೆ. ಇಷ್ಟರವರೆಗೆ ಗೊಂದಲವಿಲ್ಲ.

ಗೊಂದಲ ಹುಟ್ಟುವುದು ‘ಸ್ಥಳ’ ಎಂಬ ಪದದಿಂದ. ಕನ್ನಡದಲ್ಲಿ ಈ ಪದ ಕೇಳಿದೊಡನೆ ಊರು, ಮೈದಾನ, ಅಂಗಡಿಯ ಜಾಗ ನೆನಪಾಗುತ್ತವೆ. ಆದರೆ ಇಲ್ಲಿ ಅದರ ಅರ್ಥ ವಿತರಣೆ, ಅಂದರೆ ಸರಕು ಯಾರ ಕೈಯಿಂದ ಯಾರ ಕೈಗೆ ಹೋಗಿ, ಎಲ್ಲಿ ದಾಸ್ತಾನಾಗಿ, ಯಾವ ಸಾರಿಗೆಯಲ್ಲಿ ಗ್ರಾಹಕನನ್ನು ತಲುಪುತ್ತದೆ ಎಂಬುದು. ನನ್ನ ಅಭಿಪ್ರಾಯದಲ್ಲಿ ‘ವಿತರಣೆ’ ಎಂದೇ ಕಲಿಸಿದ್ದರೆ ಅರ್ಧದಷ್ಟು ತಪ್ಪುಗಳು ಆಗುತ್ತಲೇ ಇರಲಿಲ್ಲ. ಈಗ ನಮ್ಮ ಅಂಗಡಿಯವರು ಮಡಿಕೇರಿ ದಸರಾ ಸಮಯದಲ್ಲಿ ಗಾಂಧಿ ಮೈದಾನದ ಬಳಿ ಒಂದು ಮಳಿಗೆ ಹಾಕುತ್ತಾರೆ ಎನ್ನಿ. ವಾಕ್ಯದಲ್ಲಿ ಜಾಗದ ಹೆಸರಿದೆ ಎಂದ ಮಾತ್ರಕ್ಕೆ ಉತ್ತರ ಸ್ಥಳವಾಗುವುದಿಲ್ಲ. ಮಳಿಗೆಯಲ್ಲಿ ಬಿಸಿ ಕಾಫಿಯನ್ನು ಸಣ್ಣ ಲೋಟಗಳಲ್ಲಿ ಬಿಟ್ಟಿಯಾಗಿ ಕೊಟ್ಟು, ಪುಡಿಯನ್ನು ಅಂಗಡಿಗೇ ಬಂದು ಕೊಳ್ಳಿ ಎಂದು ಚೀಟಿ ಹಂಚಿದರೆ ಸರಕಿನ ಹಾದಿ ಬದಲಾಗಲಿಲ್ಲ, ಬದಲಾದದ್ದು ಗ್ರಾಹಕನ ಅರಿವು. ಅದು ಮಾದರಿ ವಿತರಣೆ, ಆದ್ದರಿಂದ ಪ್ರವರ್ತನೆ. ಮಾದರಿ ವಿತರಣೆ ಎಂಬ ಹೆಸರಿನಲ್ಲಿಯೂ ‘ವಿತರಣೆ’ ಇರುವುದನ್ನು ಗಮನಿಸಿ, ಅದರಿಂದ ಮೋಸ ಹೋಗಬೇಡಿ. ಅದೇ ಮಳಿಗೆಯಲ್ಲಿ ಹತ್ತೂ ದಿನ ಪೊಟ್ಟಣಗಳನ್ನಿಟ್ಟು ಮಾರಿದರೆ ಗ್ರಾಹಕನಿಗೆ ಕೊಳ್ಳಲು ಹೊಸದೊಂದು ತಾಣ ಸಿಕ್ಕಿತು. ಅದು ಸ್ಥಳದ ನಿರ್ಧಾರ.

ಇನ್ನು ರಿಯಾಯಿತಿಯ ವಿಷಯ. ನಿಜವಾಗಿ ಕಷ್ಟವಿರುವುದು ಇಲ್ಲಿ. ಅಂಗಡಿಯವರು 400 ರೂಪಾಯಿಯನ್ನು 380ಕ್ಕೆ ಇಳಿಸಿ ಹೊಸ ಪೊಟ್ಟಣಗಳ ಮೇಲೆ ಹಾಗೆಯೇ ಮುದ್ರಿಸಿದರೆ ಅದು ನಿಸ್ಸಂಶಯವಾಗಿ ಬೆಲೆಯ ನಿರ್ಧಾರ. ಆದರೆ ಮುದ್ರಿತ ಬೆಲೆ 400 ಹಾಗೆಯೇ ಇದ್ದು, ‘ದಸರಾ ಪ್ರಯುಕ್ತ ಹತ್ತು ದಿನ ಮಾತ್ರ 20 ರೂಪಾಯಿ ಕಡಿತ’ ಎಂದು ಬೋರ್ಡು ಹಾಕಿದರೆ ಹೇಗೆ? ಗ್ರಾಹಕನ ಜೇಬಿನಿಂದ ಹೋಗುವ ಹಣ ಎರಡೂ ಸಂದರ್ಭಗಳಲ್ಲಿ 380 ರೂಪಾಯಿಯೇ. ವ್ಯತ್ಯಾಸ ಕಾಣುವುದು ಹನ್ನೊಂದನೆಯ ದಿನ. ಮೊದಲನೆಯದರಲ್ಲಿ ಅಂದೂ 380, ಎರಡನೆಯದರಲ್ಲಿ ಮತ್ತೆ 400. ಸರಕಿನ ಮೌಲ್ಯವನ್ನು ಅಂಗಡಿಯವರು ಹೊಸದಾಗಿ ಕಟ್ಟಲಿಲ್ಲ, ಮುಂದೆ ಕೊಳ್ಳಬಹುದಾಗಿದ್ದವರನ್ನು ಈಗಲೇ ಕೊಳ್ಳುವಂತೆ ಪ್ರೇರೇಪಿಸಿದರು. ಅಲ್ಪಾವಧಿಯ ಇಂತಹ ಪ್ರೇರಣೆಗೆ ಮಾರಾಟ ಪ್ರವರ್ತನೆ ಎಂದು ಹೆಸರು, ನಿಮ್ಮ ಪಿಯುಸಿ ಪಠ್ಯದಲ್ಲಿಯೂ ರಿಬೇಟು, ರಿಯಾಯಿತಿ, ಅದೃಷ್ಟ ಚೀಟಿ, ಮಾದರಿ ಹಂಚಿಕೆಗಳು ಆ ಗುಂಪಿನಲ್ಲಿಯೇ ಇವೆ. ಏನು ಬದಲಾಯಿತು ಎಂಬ ನನ್ನ ಪ್ರಶ್ನೆಯೊಂದೇ ಇಲ್ಲಿ ಸಾಲದು ಎಂಬುದನ್ನು ಒಪ್ಪುತ್ತೇನೆ. ಬದಲಾವಣೆ ಉಳಿಯುವಂಥದೋ, ಅವಧಿ ಮುಗಿದೊಡನೆ ಹಿಂದಿನ ಸ್ಥಿತಿಗೆ ಮರಳುವಂಥದೋ ಎಂದೂ ಕೇಳಬೇಕಾಗುತ್ತದೆ.

ಆದರೆ ರಿಯಾಯಿತಿಯೆಲ್ಲವೂ ಪ್ರವರ್ತನೆ ಎಂದು ಕಂಠಪಾಠ ಮಾಡುವುದು ಬೇಡ. ಗೋಣಿಕೊಪ್ಪದ ಚಿಲ್ಲರೆ ಅಂಗಡಿಗೆ ಪ್ರತಿ ಪೊಟ್ಟಣವನ್ನು ಯಾವಾಗಲೂ 340 ರೂಪಾಯಿಗೆ ಕೊಟ್ಟು, ಉಳಿದ 60 ರೂಪಾಯಿಯನ್ನು ಚಿಲ್ಲರೆ ವ್ಯಾಪಾರಿಯ ಲಾಭಕ್ಕೆ ಬಿಡುವುದು ವ್ಯಾಪಾರಿ ರಿಯಾಯಿತಿ. ಅದು ಬೆಲೆ ನಿಗದಿಯ ಭಾಗ. ಹೆಚ್ಚಿನ ವ್ಯಾಸಂಗದ ಪುಸ್ತಕಗಳು ರಿಯಾಯಿತಿ ಮತ್ತು ಸಾಲದ ಷರತ್ತುಗಳನ್ನು ಬೆಲೆಯ ಅಡಿಯಲ್ಲಿ ಸೇರಿಸುವುದರಿಂದ ಪದವಿ ತರಗತಿಯಲ್ಲಿರುವ ಅಕ್ಕನ ಉತ್ತರ ನಿಮ್ಮ ಉತ್ತರಕ್ಕಿಂತ ಬೇರೆಯಾಗಬಹುದು. ಪರೀಕ್ಷೆಯಲ್ಲಿ ಅವಧಿ ಮತ್ತು ಯಾರಿಗೆ ಕೊಟ್ಟದ್ದು ಎಂಬ ಎರಡು ಕಾರಣಗಳನ್ನು ಉತ್ತರದ ಜೊತೆಗೇ ಬರೆದರೆ ನೀವು ಯೋಚಿಸಿ ಬರೆದಿದ್ದೀರಿ ಎಂಬುದು ಮೌಲ್ಯಮಾಪಕರಿಗೆ ಸ್ಪಷ್ಟವಾಗುತ್ತದೆ.

ಬೆಲೆ ಮುಟ್ಟದೆಯೇ ಬೆಲೆ ಏರಿಸುವ ಇನ್ನೊಂದು ನಿರ್ಧಾರವಿದೆ. ಕಾಫಿ ಬೀಜದ ದರ ಏರಿದಾಗ ಅಂಗಡಿಯವರು 400 ರೂಪಾಯಿಯನ್ನೇ ಉಳಿಸಿಕೊಂಡು ಪೊಟ್ಟಣವನ್ನು 500 ಗ್ರಾಂನಿಂದ 450 ಗ್ರಾಂಗೆ ಇಳಿಸುತ್ತಾರೆ. ನೂರು ಗ್ರಾಂಗೆ 80 ರೂಪಾಯಿ ಬೀಳುತ್ತಿದ್ದುದು ಈಗ ಸುಮಾರು 89 ರೂಪಾಯಿ ಆಯಿತು. ಅಂಗಡಿಯವರು ನೇರವಾಗಿ ಬದಲಿಸಿದ್ದು ಪೊಟ್ಟಣದ ಪ್ರಮಾಣವಾದ್ದರಿಂದ ವರ್ಗೀಕರಣದಲ್ಲಿ ಇದನ್ನು ಉತ್ಪನ್ನದ ನಿರ್ಧಾರ ಎಂದು ಬರೆಯುವುದು ಸರಿ. ಪರಿಣಾಮ ಬೆಲೆಯ ಮೇಲಾಯಿತು ಎಂಬುದನ್ನು ಮುಂದಿನ ವಾಕ್ಯದಲ್ಲಿ ಹೇಳಬಹುದು. ನಿರ್ಧಾರಕ್ಕೂ ಅದರ ಪರಿಣಾಮಕ್ಕೂ ಇರುವ ಈ ಅಂತರ ಪ್ರವಾಸಿಗರಿಗಾಗಿ ಹೊಸದಾಗಿ 100 ಗ್ರಾಂ ಪೊಟ್ಟಣ ತಂದಾಗಲೂ ಹಾಗೆಯೇ ಅನ್ವಯಿಸುತ್ತದೆ.

ಕೊನೆಯದಾಗಿ, ನಿಮ್ಮನ್ನು ಹೆಚ್ಚು ಕಾಡುವ ಬಗೆಯ ಒಂದು ವಾಕ್ಯವನ್ನು ಬಿಡಿಸೋಣ: ‘ಅಂಗಡಿಯವರು ಹೋಂಸ್ಟೇಗಳಿಗೆ ವಾರಕ್ಕೊಮ್ಮೆ ತಮ್ಮ ಜೀಪಿನಲ್ಲಿಯೇ ಪುಡಿ ತಲುಪಿಸಿ, ಹಣಕ್ಕೆ 15 ದಿನಗಳ ಗಡುವು ಕೊಡಲು ನಿರ್ಧರಿಸಿದರು.’ ಕ್ರಿಯಾಪದಗಳ ಬಳಿ ವಾಕ್ಯವನ್ನು ತುಂಡರಿಸಿ. ಜೀಪಿನಲ್ಲಿ ತಲುಪಿಸುವುದು ಸರಕಿನ ಸಾಗಣೆ, ಆದ್ದರಿಂದ ಸ್ಥಳ. ಗಡುವು ಕೊಡುವುದು ಹಣ ಪಾವತಿಯ ಷರತ್ತು, ಆದ್ದರಿಂದ ಬೆಲೆ. ಜೀಪಿನ ಬಾಡಿಗೆಯನ್ನು ಹೋಂಸ್ಟೇಯವರಿಂದ ವಸೂಲು ಮಾಡಬೇಕೇ ಬೇಡವೇ ಎಂಬ ಮಾತು ವಾಕ್ಯದಲ್ಲಿ ಇದ್ದಿದ್ದರೆ ಅದೂ ಬೆಲೆಗೆ ಹೋಗುತ್ತಿತ್ತು. ಒಂದೇ ಉತ್ತರ ಬರೆಯಿರಿ ಎಂದು ಪ್ರಶ್ನೆ ಕಟ್ಟುನಿಟ್ಟಾಗಿ ಹೇಳದಿದ್ದರೆ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಒಂದೇ ಬೇಕೆಂದಿದ್ದರೆ ಪ್ರಶ್ನೆಯಲ್ಲಿ ಅಡಿಗೆರೆ ಎಳೆದಿರುವ ಭಾಗ ಯಾವುದೆಂದು ನೋಡಿ, ಅದಕ್ಕೆ ಮಾತ್ರ ಉತ್ತರಿಸಿ.